ಆರು ಕಿಲೋ ಎಲ್ಲಿ ಹೋಯಿತು?

ಬಾಗಲಕೋಟೆ ಕಡೆಯ 38 ವರ್ಷದ ಕೂಲಿ ಹೆಣ್ಣುಮಗಳು. ಎಚ್‌ಐವಿ ಇರುವುದು ಗೊತ್ತಾಗಿ ಏಳು ವರ್ಷ. ಎಆರ್‌ಟಿ ಕೇಂದ್ರದಲ್ಲಿ ಆ ದಿನ ಆಕೆಯ ತೂಕ 42 ಕಿಲೋ ಇತ್ತು. ಹಸಿರು ಪುಸ್ತಕದ ಹಿಂದಿನ ಪುಟ ತಿರುವಿದರೆ ನಾಲ್ಕು ತಿಂಗಳ ಕೆಳಗೆ 48. ಇದು ಒಬ್ಬಳೇ ಹೆಂಗಸಿನ ಕಥೆಯಲ್ಲ. ಆಹಾರ ಸಲಹೆ ಹೇಳುವ ಕುರ್ಚಿಯಲ್ಲಿ ಕೂತು ನಾನು ಕಂಡ ಹಲವರನ್ನು ಸೇರಿಸಿ, ಗುರುತು ಸಿಗದಂತೆ ಒಬ್ಬಳನ್ನಾಗಿ ಮಾಡಿ ಹೇಳುತ್ತಿದ್ದೇನೆ.

ಇಂಥವರು ಎದುರಿಗೆ ಬಂದಾಗ ಸುಲಭದ ದಾರಿಯೊಂದಿದೆ. "ಚೆನ್ನಾಗಿ ಊಟ ಮಾಡಮ್ಮ, ಹಾಲು ಕುಡಿ, ಹಣ್ಣು ತಿನ್ನು" ಎಂದು ಹೇಳಿ, ಪ್ರೋಟೀನ್ ಪುಡಿಯ ಡಬ್ಬಿಯ ಹೆಸರು ಬರೆದುಕೊಟ್ಟು ಕಳಿಸುವುದು. ಅದು ಸಲಹೆಯೇ ಅಲ್ಲ. ಆರು ಕಿಲೋ ಯಾವ ದಾರಿಯಲ್ಲಿ ಹೋಯಿತೆಂದು ಹುಡುಕದೆ ಹೇಳಿದ ಊಟ ಬಾಯಿಗೂ ಮುಟ್ಟುವುದಿಲ್ಲ, ಮೈಗೂ ಹತ್ತುವುದಿಲ್ಲ.

ಮೊದಲು ತೂಕದ ಲೆಕ್ಕ. ಆಕೆಯ ಎತ್ತರ 152 ಸೆಂಟಿಮೀಟರ್. ಎತ್ತರಕ್ಕೆ ತೂಕವನ್ನು ಹೊಂದಿಸಿ ನೋಡುವ ಬಿಎಂಐ ಈಗ ಸುಮಾರು 18.2. ಹದಿನೆಂಟೂವರೆಗಿಂತ ಕೆಳಗಿದ್ದರೆ ತೂಕ ಕಡಿಮೆ ಎನ್ನುತ್ತಾರೆ. ಈ ಒಂದನ್ನೇ ನೋಡಿದರೆ 'ಕೊಂಚ ಕಡಿಮೆ, ಅಷ್ಟೇ' ಅನ್ನಿಸುತ್ತದೆ. ಆದರೆ 48ರಲ್ಲಿ ಆರು ಕರಗಿತೆಂದರೆ ನೂರಕ್ಕೆ ಹನ್ನೆರಡೂವರೆ ಪಾಲು ಹೋಯಿತು. ಕಾರಣ ತಿಳಿಯದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತೂಕ ಇಳಿದರೆ, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಎಚ್‌ಐವಿಯ ಮೂರನೇ ಹಂತದ ಲಕ್ಷಣ. ಒಂದು ತಿಂಗಳಿಗೂ ಮೀರಿದ ಭೇದಿಯೂ ಅದೇ ಹಂತಕ್ಕೆ ಸೇರುತ್ತದೆ. ಹಾಗಾಗಿ ಇವತ್ತಿನ ತೂಕಕ್ಕಿಂತ ಹಿಂದಿನ ಪುಟದ ತೂಕ ಹೆಚ್ಚು ಮಾತಾಡುತ್ತದೆ. ಒಂದು ಎಚ್ಚರಿಕೆ: ಚಪ್ಪಲಿ ಬಿಚ್ಚಿಸಿ, ಆದಷ್ಟು ಅದೇ ಯಂತ್ರದಲ್ಲೇ ತೂಗಬೇಕು. ಕಾಲಲ್ಲಿ ಬಾವು ಇದೆಯೇ ಎಂದೂ ಒತ್ತಿ ನೋಡಬೇಕು. ನೀರು ತುಂಬಿದ ಮೈ ಸುಳ್ಳು ತೂಕ ತೋರಿಸುತ್ತದೆ.

ತೂಕ ಇಳಿದ ಕಡೆ ಕ್ಷಯದ ಗುಮಾನಿ ಇದ್ದೇ ಇರುತ್ತದೆ. ಕೆಮ್ಮು, ಜ್ವರ, ರಾತ್ರಿ ಬೆವರು ಇದೆಯೇ ಎಂದು ಕೇಳಿ, ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಮಾಡಿಸಿದ್ದಾಯಿತು. ಕ್ಷಯ ಇರಲಿಲ್ಲ. ಬಾಯಿ ತೆರೆಸಿ ನೋಡಿದರೆ ನಾಲಿಗೆ ಮೇಲೆ ಬಿಳಿ ಪದರವಾಗಲಿ, ನುಂಗಲು ನೋವಾಗಲಿ ಇರಲಿಲ್ಲ.

ಆಮೇಲೆ ಹೊಟ್ಟೆಯ ಮಾತು. ಭೇದಿ ಎಂದೊಡನೆ ಬರೆದುಕೊಂಡು ಮುಂದೆ ಹೋಗಬಾರದು. ದಿನಕ್ಕೆ ಎಷ್ಟು ಸಲ, ನೀರಿನ ಹಾಗೋ ಗಟ್ಟಿಯೋ, ರಕ್ತ ಬರುತ್ತದೆಯೋ, ರಾತ್ರಿ ಎಬ್ಬಿಸುತ್ತದೆಯೋ ಎಂದು ಕೇಳಬೇಕು. ಆಕೆಗೆ ಐದಾರು ಸಲ, ಬರೀ ನೀರು, ರಕ್ತ ಇಲ್ಲ, ಎರಡು ತಿಂಗಳಿಂದ. ಸ್ವಲ್ಪ ಸ್ವಲ್ಪವೇ ರಕ್ತ ಬೆರೆತು, ಮುಲುಕಿ ಮುಲುಕಿ ಹೋಗುವುದಾದರೆ ದೊಡ್ಡ ಕರುಳಿನ ಕಾಯಿಲೆ ಇರಬಹುದು. ಇಷ್ಟೊಂದು ನೀರು ಹೋಗಿ ಮೈಯೂ ಇಳಿದರೆ ಸಣ್ಣ ಕರುಳಿನ ಮೇಲೆ ಅನುಮಾನ. ಅನ್ನದ ಸಾರವನ್ನು ಮೈಗೆ ಹೀರಿಕೊಡುವುದು ಆ ಜಾಗವೇ.

"ಉಂಡ ಕೂಡ್ಲೆ ಹೋಗಬೇಕಾಗತೈತ್ರಿ ಅಕ್ಕಾರ. ಅದಕ್ಕ ಉಣ್ಣೋದ ಕಡಿಮಿ ಮಾಡೀನ್ರಿ," ಎಂದಳು. ಕೂಲಿಗೆ ಹೋದ ಹೊಲದಲ್ಲಿ ಶೌಚಾಲಯ ಎಲ್ಲಿಂದ ಬರಬೇಕು? ಊಟ ಬಿಡುವುದು ಆಕೆಗೆ ಮರ್ಯಾದೆ ಉಳಿಸಿಕೊಳ್ಳುವ ದಾರಿಯಾಗಿತ್ತು. ಭೇದಿ ಒಂದು ಕಡೆಯಿಂದ ಕಳೆಯುತ್ತಿದ್ದರೆ, ಭೇದಿಯ ಭಯ ಇನ್ನೊಂದು ಕಡೆಯಿಂದ ಒಳಗೆ ಬರುವುದನ್ನೇ ತಡೆದಿತ್ತು.

ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಏನೇನು ಹೋಯಿತೆಂದು ಒಂದೊಂದಾಗಿ ಕೇಳಿದೆ. ಮೂರು ಸಲ ಚಹಾ, ಮಧ್ಯಾಹ್ನ ಶೇಂಗಾ ಹಿಂಡಿ ಹಚ್ಚಿಕೊಂಡು ಒಂದು ಜೋಳದ ರೊಟ್ಟಿ, ರಾತ್ರಿ ಒಂದು ಬಟ್ಟಲು ಅನ್ನ, ನೀರು ಸಾರು. ಎಲ್ಲ ಸೇರಿದರೂ ಸಾವಿರ ಕ್ಯಾಲೊರಿ ಮುಟ್ಟುವುದಿಲ್ಲ. ಎಚ್‌ಐವಿ ಇದ್ದು ಬೇರೆ ತೊಂದರೆ ಇಲ್ಲದವರಿಗೂ ನೂರಕ್ಕೆ ಹತ್ತರಷ್ಟು ಹೆಚ್ಚು ಊಟ ಬೇಕು, ಕಾಯಿಲೆ ಬಿದ್ದಾಗ ಇಪ್ಪತ್ತರಿಂದ ಮೂವತ್ತರಷ್ಟು. ಆಕೆ ಉಣ್ಣುತ್ತಿದ್ದುದು ಬೇಕಾದುದರ ಅರ್ಧದಷ್ಟೇ ಇತ್ತು.

ಇನ್ನು ಮೂರು ಪ್ರಶ್ನೆ ಉಳಿದಿದ್ದವು. ಹೋದ ಒಂದು ತಿಂಗಳಲ್ಲಿ ಮನೆಯಲ್ಲಿ ಉಣ್ಣಲು ಏನೂ ಇಲ್ಲದ ದಿನ ಇತ್ತೇ? ಹಸಿದು ಮಲಗಿದ್ದುಂಟೇ? ಹಗಲೂ ರಾತ್ರಿ ಪೂರ್ತಿ ಉಪವಾಸ ಇದ್ದದ್ದುಂಟೇ? ಇವನ್ನು ಕೇಳಲು ನಾಚಿಕೆ ಪಡುವವರು ಆಕೆಯಲ್ಲ, ನಾವು. ಎರಡನೆಯದಕ್ಕೆ ಆಕೆ ತಲೆಯಾಡಿಸಿದಳು. ರೇಷನ್ ಅಕ್ಕಿ ಇದೆ, ಬೇಳೆ ಎಣ್ಣೆ ಇಲ್ಲ. ಇದ್ದುದನ್ನು ಮಕ್ಕಳಿಗೂ ಅತ್ತೆಗೂ ಬಡಿಸಿ ಕೊನೆಗೆ ಕೂರುತ್ತಾಳೆ. ಕೊನೆಗೆ ಉಳಿಯದ ರಾತ್ರಿಗಳು ವಾರಕ್ಕೆ ಎರಡು ಮೂರು.

"ಆ ರಾತ್ರಿ ಗುಳಿಗಿ?" ಎಂದೆ.

"ಖಾಲಿ ಹೊಟ್ಟ್ಯಾಗ ಹೆಂಗ ತಗೋಳ್ಲಿರಿ? ಉಷ್ಣ ಆಗತೈತಿ."

ಹುಡುಕುತ್ತಿದ್ದ ಎಳೆ ಇಲ್ಲಿ ಸಿಕ್ಕಿತು. ಈಗ ಸರ್ಕಾರ ಉಚಿತವಾಗಿ ಕೊಡುವ ಮುಖ್ಯ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧ ಒಟ್ಟಿಗಿವೆ. ಇದನ್ನು ಉಂಡು ನುಂಗಬಹುದು, ಉಣ್ಣದೆಯೂ ನುಂಗಬಹುದು. ಊಟವಿಲ್ಲದ ರಾತ್ರಿ ಗುಳಿಗೆಯನ್ನೂ ಬಿಡುತ್ತಿದ್ದುದರಿಂದ ವೈರಸ್ಸಿಗೆ ದಾರಿಯಾಗಿತ್ತು. ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸಿದಾಗ ಅದು ಖಚಿತವಾಯಿತು. ಚೀಲದಿಂದ ಇನ್ನೊಂದು ಪೊಟ್ಟಣವೂ ಹೊರಬಂತು: ಸುಸ್ತೆಂದು ಬೇರೆ ಕಡೆ ಕೊಡಿಸಿಕೊಂಡ ಕಬ್ಬಿಣದ ಗುಳಿಗೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆಯ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಸೇರದು. ಊಟದ ಜೊತೆ ಎರಡನ್ನೂ ತೆಗೆದುಕೊಳ್ಳಬಹುದು. ಊಟ ಇಲ್ಲದಿದ್ದರೆ ಕಬ್ಬಿಣಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆದಮೇಲೆ ಎಚ್‌ಐವಿ ಗುಳಿಗೆ ನುಂಗಬೇಕು.

ಭೇದಿಗೆ ಗುಳಿಗೆಯೇ ಕಾರಣ ಎಂದು ಆಕೆ ನಂಬಿದ್ದಳು. ಲೊಪಿನಾವಿರ್‌ನಂಥ ಔಷಧಗಳು ಹೊಟ್ಟೆ ಕೆಡಿಸುವುದು ನಿಜ. ಆದರೆ ಈಕೆ ಇದೇ ಗುಳಿಗೆಯನ್ನು ವರ್ಷಗಟ್ಟಲೆ ತೊಂದರೆ ಇಲ್ಲದೆ ನುಂಗಿದವಳು. ಮದ್ದು ಶುರುವಾದದ್ದು ಯಾವಾಗ, ಭೇದಿ ಶುರುವಾದದ್ದು ಯಾವಾಗ ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ಇಂಥ ಅನುಮಾನ ಬಹಳ ಸಲ ಬಗೆಹರಿಯುತ್ತದೆ.

ವೈದ್ಯರು ಪರೀಕ್ಷೆ ಬರೆದರು. ವೈರಲ್ ಲೋಡ್ ಏರಿತ್ತು, ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಿತ್ತು. ಬೇರೆ ಬೇರೆ ದಿನ ತೆಗೆದ ಮಲದ ಮೂರು ಮಾದರಿಗಳಲ್ಲಿ ಎರಡನೆಯದರಲ್ಲಿ ಐಸೊಸ್ಪೊರಾ ಎಂಬ ಪರಾವಲಂಬಿ ಸಿಕ್ಕಿತು. ಅದನ್ನು ಕಾಣಲು ವಿಶೇಷ ಬಣ್ಣ ಹಾಕಬೇಕು, ಹಾಗೆಂದು ಚೀಟಿಯಲ್ಲಿ ಬರೆಯದಿದ್ದರೆ 'ಏನೂ ಇಲ್ಲ' ಎಂಬ ವರದಿ ಬರುತ್ತದೆ. ಕೊಟ್ರಿಮೊಕ್ಸಜೋಲ್ ಎಂಬ ಅಗ್ಗದ ಹಳೆಯ ಔಷಧಕ್ಕೆ ಇದು ಬಗ್ಗುತ್ತದೆ. ವೈದ್ಯರು ಅದನ್ನೇ ಶುರು ಮಾಡಿದರು.

ಊಟದ ಸಲಹೆಯ ಸರದಿ ಈಗ. ಮನೆಯಲ್ಲಿರುವ ಅಕ್ಕಿಯಿಂದಲೇ ಹಿಡಿದೆವು. ಉಪ್ಪು ಹಾಕಿದ ಮೆತ್ತನೆಯ ಗಂಜಿ, ಅದಕ್ಕೆ ಒಂದು ಮುಷ್ಟಿ ಹೆಸರುಬೇಳೆ, ಮೇಲೆ ಎರಡು ಚಮಚ ಶೇಂಗಾ ಪುಡಿ. ದಿನಕ್ಕೆರಡು ದೊಡ್ಡ ಊಟದ ಬದಲು ಐದು ಸಣ್ಣ ಊಟ. ಭೇದಿ ನಿಲ್ಲುವವರೆಗೆ ಹಾಲು ಬೇಡ, ಮಜ್ಜಿಗೆ ಆಗಬಹುದು, ಏಕೆಂದರೆ ಪೆಟ್ಟು ತಿಂದ ಕರುಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಕುದಿಸಿ ಆರಿಸಿದ ನೀರು, ಓಆರ್‌ಎಸ್. ಸಾಧ್ಯವಾದ ದಿನ ಒಂದು ಮೊಟ್ಟೆ.

ಆರು ವಾರದ ಮೇಲೆ ತೂಕ 44 ಕಿಲೋ, ಭೇದಿ ನಿಂತಿತ್ತು. ಬೇಳೆಯ ಪ್ರಶ್ನೆ ಮಾತ್ರ ಬಗೆಹರಿದಿರಲಿಲ್ಲ. ಅದಕ್ಕೆ ಕೇಂದ್ರದ ಆಪ್ತಸಮಾಲೋಚಕರ ಜೊತೆ ಕೂತು, ಆಕೆಗೆ ಸಿಗಬೇಕಾದ ಯೋಜನೆಗಳ ಅರ್ಜಿ ತುಂಬಬೇಕಾಯಿತು.

ನಿಮಗೋ ನಿಮ್ಮವರಿಗೋ ಎಚ್‌ಐವಿ ಇದ್ದು ತೂಕ ಇಳಿಯುತ್ತಿದ್ದರೆ, ಮುಂದಿನ ಸಲ ಕೇಂದ್ರಕ್ಕೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ಉಳಿದವುಗಳ ಸಮೇತ, ಚೀಲದಲ್ಲಿ ಹಾಕಿಕೊಂಡು ಹೋಗಿ. ಉಪವಾಸ ಮಲಗಿದ ರಾತ್ರಿಗಳನ್ನು ಮುಚ್ಚಿಡದೆ ಹೇಳಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ 1097ಕ್ಕೆ ಫೋನ್ ಮಾಡಿ, ಆ ಕರೆ ಉಚಿತ.