ಹೊಸ ಫೋನಿಗೆ ಬಾರದ ಹಳೆಯ ಚಾಟ್

ಹೊಸ ಫೋನು ಕೊಂಡು ಹಳೆಯ ಸಿಮ್ಮನ್ನೇ ಹಾಕಿದ್ದೀರಿ. ವಾಟ್ಸ್‌ಆ್ಯಪ್ ತೆರೆದರೆ ಮನೆಯವರ ಗ್ರೂಪು, ಬಡಾವಣೆಯ ಗ್ರೂಪು ಎಲ್ಲದರ ಹೆಸರೂ ಬಂದಿದೆ, ಒಳಗೆ ಮಾತ್ರ ಹಳೆಯದೇನೂ ಇಲ್ಲ. ನಂಬರ್ ಅದೇ ಇದ್ದಮೇಲೆ ಚಾಟ್ ಏಕೆ ಬರಲಿಲ್ಲ ಎಂದು ಕೇಳುವುದು ಸಹಜ. ಇ-ಮೇಲ್ ಹಾಗೆಯೇ ಬರುತ್ತದೆ, ಏಕೆಂದರೆ ಪತ್ರಗಳೆಲ್ಲ ಕಂಪನಿಯ ಕಂಪ್ಯೂಟರಿನಲ್ಲೇ ಇರುತ್ತವೆ. ವಾಟ್ಸ್‌ಆ್ಯಪ್‌ನ ಪದ್ಧತಿ ಬೇರೆ. ನಿಮಗೆ ಬಂದ ಸಂದೇಶ ಫೋನಿಗೆ ತಲುಪಿದ ಕೂಡಲೇ ಕಂಪನಿಯ ಕಡೆಯಿಂದ ಅಳಿಸಿಹೋಗುತ್ತದೆ. ಫೋನು ಆಫ್ ಆಗಿದ್ದು ತಲುಪದಿದ್ದರೆ 30 ದಿನ ಕಾದಿಟ್ಟು ಆಮೇಲೆ ಅಳಿಸುತ್ತಾರೆ. ನೀವು ಯಾವ ಯಾವ ಗ್ರೂಪಿನಲ್ಲಿದ್ದೀರಿ ಎಂಬುದಷ್ಟೇ ಅವರ ಬಳಿ ಇರುವುದರಿಂದ ಹೆಸರುಗಳು ಬಂದವು. ಮಾತುಗಳೆಲ್ಲ ಉಳಿದದ್ದು ಹಳೆಯ ಫೋನಿನಲ್ಲಿ.

ಹೀಗಾದಾಗ ಸುತ್ತಮುತ್ತಲಿನವರು ಕೊಡುವ ಮೊದಲ ಸಲಹೆ, "ಆ್ಯಪ್ ತೆಗೆದು ಮತ್ತೆ ಹಾಕಿ ನೋಡಿ" ಎಂದು. ದಯವಿಟ್ಟು ಆ ಕೆಲಸಕ್ಕೆ ಅವಸರ ಮಾಡಬೇಡಿ. ಆ್ಯಪ್ ತೆಗೆದರೆ ಆ ಫೋನಿನಲ್ಲಿರುವ ಚಾಟ್‌ಗಳೂ ಅದರೊಂದಿಗೆ ಹೋಗುತ್ತವೆ. ಕಳೆದುಹೋಗಿರುವುದು ಏನು, ಎಷ್ಟು ಎಂದು ಮೊದಲು ನೋಡಿಕೊಳ್ಳಬೇಕು.

ಫೋನು ಬದಲಾಗಿಲ್ಲ, ಒಬ್ಬರ ಚಾಟ್ ಮಾತ್ರ ಕಾಣುತ್ತಿಲ್ಲ ಎಂದಾದರೆ ಬಹುತೇಕ ಅದು ಅಲ್ಲೇ ಎಲ್ಲೋ ಅಡಗಿರುತ್ತದೆ. ಬೆರಳು ತಾಗಿ ಆರ್ಕೈವ್‌ಗೆ ಸೇರಿರಬಹುದು. ಚಾಟ್‌ಗಳ ಪಟ್ಟಿಯನ್ನು ಪೂರ್ತಿ ಮೇಲಕ್ಕೆ ತಂದರೆ Archived ಎಂಬ ಸಾಲು ಕಾಣುತ್ತದೆ, ಅದನ್ನು ಒತ್ತಿ ನೋಡಿ. ಹಿಂದೆಲ್ಲ ಹೊಸ ಸಂದೇಶ ಬಂದರೆ ಅಂಥ ಚಾಟ್ ತಾನಾಗಿ ಹೊರಗೆ ಬರುತ್ತಿತ್ತು. 2021ರಿಂದ ಅದು ಒಳಗೇ ಉಳಿಯುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಇರಬಹುದು. ಮನೆಯವರು ಯಾರಾದರೂ ಚಾಟ್‌ಗೆ ಬೀಗ ಹಾಕಿದ್ದರೆ ಪಟ್ಟಿಯನ್ನು ಕೆಳಕ್ಕೆ ಎಳೆದಾಗ Locked chats ಎಂದು ಕಾಣುತ್ತದೆ.

ಚಾಟ್ ಇದೆ, ಹಳೆಯ ಮಾತುಗಳು ಮಾತ್ರ ಇಲ್ಲ ಎನ್ನುವುದಾದರೆ ಆ ಚಾಟ್‌ನಲ್ಲಿ ಮೇಲಿರುವ ಹೆಸರನ್ನು ಒತ್ತಿ Disappearing messages ಎಂಬುದನ್ನು ನೋಡಿ. ಅದು ಚಾಲೂ ಇದ್ದರೆ ಸಂದೇಶಗಳು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ತಾವಾಗಿ ಅಳಿಯುತ್ತವೆ. ಇಬ್ಬರ ನಡುವಿನ ಚಾಟ್‌ನಲ್ಲಿ ಇದನ್ನು ಯಾರು ಬೇಕಾದರೂ ಚಾಲೂ ಮಾಡಬಹುದು, ನೀವು ಮುಟ್ಟಿರಲೇಬೇಕೆಂದಿಲ್ಲ. ಚಾಲೂ ಮಾಡುವ ಮೊದಲಿನ ಸಂದೇಶಗಳಿಗೆ ಇದು ತಾಗುವುದಿಲ್ಲ. ಆದ್ದರಿಂದ ತೀರ ಹಳೆಯ ಮಾತುಗಳು ಉಳಿದು, ನಡುವಿನ ಒಂದು ಅವಧಿಯದಷ್ಟೇ ಮಾಯವಾಗಿದ್ದರೆ ಕಾರಣ ಇದೇ ಇರಬೇಕು.

ಇನ್ನು ಫೋನು ಬದಲಾಯಿಸಿದವರ ವಿಷಯ. ನಿಜವಾದ ನಷ್ಟ ಆಗುವುದು ಇಲ್ಲಿಯೇ. ಹಾಸನದ ಒಬ್ಬ ನಿವೃತ್ತ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿ. ಹಳೆಯದೂ ಹೊಸದೂ ಎರಡೂ ಆಂಡ್ರಾಯ್ಡ್ ಫೋನು. ಹಳೆಯ ಜಿಮೇಲ್‌ನ ಪಾಸ್‌ವರ್ಡ್ ನೆನಪಾಗದೆ ಅಂಗಡಿಯ ಹುಡುಗ ಹೊಸದೊಂದು ಜಿಮೇಲ್ ಮಾಡಿಕೊಟ್ಟ. ವಾಟ್ಸ್‌ಆ್ಯಪ್ ಹಾಕಿ ನಂಬರ್ ಕೊಟ್ಟಾಗ ಬ್ಯಾಕಪ್ ಸಿಗಲಿಲ್ಲ ಎಂದು ಬಂತು, Skip ಒತ್ತಿದ, ಮುಗಿಯಿತು. ಎಡವಿದ್ದು ಜಿಮೇಲ್‌ನಲ್ಲಿ. ಆಂಡ್ರಾಯ್ಡ್ ಫೋನಿನ ಚಾಟ್‌ಗಳ ಪ್ರತಿ ಗೂಗಲ್ ಖಾತೆಯಲ್ಲಿ ಉಳಿಯುತ್ತದೆ. ಅದನ್ನು ಮರಳಿ ಪಡೆಯಲು ಫೋನ್ ನಂಬರೂ ಅದೇ ಇರಬೇಕು, ಬ್ಯಾಕಪ್ ಆದ ಗೂಗಲ್ ಖಾತೆಯೂ ಅದೇ ಇರಬೇಕು. ಎರಡರಲ್ಲಿ ಒಂದು ಬೇರೆಯಾದರೂ ಆ್ಯಪ್‌ಗೆ ಬ್ಯಾಕಪ್ ಕಾಣಿಸುವುದಿಲ್ಲ.

ಆಕೆಯ ಅದೃಷ್ಟಕ್ಕೆ ಹಳೆಯ ಫೋನು ಇನ್ನೂ ಮೇಜಿನ ಮೇಲೆಯೇ ಇದೆ, ಅದರಲ್ಲಿ ಆ್ಯಪ್ ತೆಗೆದಿಲ್ಲ. ಹೊಸ ಫೋನಿನಲ್ಲಿ ನಂಬರ್ ಹಾಕಿದಾಗ ಹಳೆಯದರಲ್ಲಿ ವಾಟ್ಸ್‌ಆ್ಯಪ್ ಲಾಗ್ ಔಟ್ ಆಗುತ್ತದೆ, ಚಾಟ್‌ಗಳೇನೂ ಅಳಿಯುವುದಿಲ್ಲ. ಹಳೆಯ ಫೋನಿಗೆ ವೈಫೈ ಕೊಟ್ಟು, ಆ್ಯಪ್ ತೆರೆದು ಅದೇ ನಂಬರ್ ಹಾಕಬೇಕು. ಆರು ಅಂಕಿಯ ಕೋಡ್ ಸಿಮ್ ಇರುವ ಹೊಸ ಫೋನಿಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ, ಅದನ್ನು ನೋಡಿ ಇಲ್ಲಿ ಒತ್ತಿದರೆ ಸಾಕು. ಆ ಕೋಡನ್ನು ಫೋನಿನಲ್ಲಿ ಕೇಳುವವರಿಗೆ, ಚಾಟ್ ವಾಪಸ್ ತಂದುಕೊಡುತ್ತೇವೆ ಎನ್ನುವವರಿಗೆ ಎಂದೂ ಹೇಳಬಾರದು, ಹೇಳಿದರೆ ಇಡೀ ಖಾತೆ ಅವರ ಕೈಗೆ ಹೋಗುತ್ತದೆ. ಚಾಟ್‌ಗಳು ಕಂಡಮೇಲೆ Settings, ಅದರಲ್ಲಿ Chats, ಅದರಲ್ಲಿ Chat backup ತೆರೆಯಬೇಕು. ಕೊನೆಯ ಬ್ಯಾಕಪ್ ಯಾವತ್ತು ಆಯಿತು, ಯಾವ ಗೂಗಲ್ ಖಾತೆಗೆ ಎಂಬುದು ಅಲ್ಲಿ ಬರೆದಿರುತ್ತದೆ. ಆ ಜಿಮೇಲ್ ವಿಳಾಸವನ್ನು ಕಾಗದದ ಮೇಲೆ ಬರೆದುಕೊಂಡು Back up ಒತ್ತಿ, ಮುಗಿಯುವವರೆಗೆ ಕಾಯಬೇಕು.

ಇಲ್ಲಿ ಕೆಲವರಿಗೆ ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತದೆ. ಗೂಗಲ್ ಉಚಿತವಾಗಿ ಕೊಡುವ ಜಾಗ 15 ಜಿಬಿ. ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ, 2024ರಿಂದ ಬರುತ್ತದೆ. ಜಿಮೇಲ್ ಪತ್ರಗಳು, ಫೋಟೋಗಳು ಜಾಗ ತುಂಬಿಸಿದ್ದರೆ ಬ್ಯಾಕಪ್ ಸದ್ದಿಲ್ಲದೆ ನಿಂತಿರುತ್ತದೆ. ಕೊನೆಯ ದಿನಾಂಕ ಏಳೆಂಟು ತಿಂಗಳ ಹಿಂದಿನದಾಗಿದ್ದರೆ ಹೀಗಾಗಿರುವ ಸಾಧ್ಯತೆ ಹೆಚ್ಚು. Include videos ಎಂಬುದನ್ನು ಆಫ್ ಮಾಡಿದರೆ ಗಾತ್ರ ಬಹಳ ಇಳಿಯುತ್ತದೆ. ಮಾತು, ಫೋಟೋ, ಧ್ವನಿ ಸಂದೇಶಗಳಿಗೆ ಇದರಿಂದ ತೊಂದರೆಯಿಲ್ಲ.

ಬ್ಯಾಕಪ್ ಆದಮೇಲೆ ಹೊಸ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಬರೆದಿಟ್ಟ ಅದೇ ಜಿಮೇಲನ್ನು ಸೇರಿಸಬೇಕು. ಪಾಸ್‌ವರ್ಡ್ ಮರೆತಿದ್ದರೂ, ಹಳೆಯ ಫೋನು ಆ ಖಾತೆಯಲ್ಲಿ ತೆರೆದೇ ಇರುವುದರಿಂದ ಅದನ್ನು ಬದಲಾಯಿಸಿಕೊಳ್ಳುವುದು ಸುಲಭ. ಹೊಸ ಫೋನಿನ ವಾಟ್ಸ್‌ಆ್ಯಪ್ ತೆಗೆದು ಮತ್ತೆ ಹಾಕುವ ಹೊತ್ತು ಈಗ ಬಂತು, ಏಕೆಂದರೆ ಬ್ಯಾಕಪ್ ತರಲೇ ಎಂಬ ಪ್ರಶ್ನೆ ಬರುವುದು ಆ್ಯಪ್ ಹೊಸದಾಗಿ ಹಾಕಿ ನಂಬರ್ ಕೊಟ್ಟಾಗ ಮಾತ್ರ. ಈ ಸಲ Restore ಒತ್ತಬೇಕು. ಮೊದಲು ಮಾತುಗಳು ಬರುತ್ತವೆ, ಫೋಟೋಗಳು ಹಿಂದಿನಿಂದ ನಿಧಾನವಾಗಿ ಇಳಿಯುತ್ತವೆ. ಫೋಟೋಗಳು ಮಸುಕಾಗಿ ಕಂಡರೆ ಗಾಬರಿಯಾಗದೆ ವೈಫೈನಲ್ಲಿ ಬಿಟ್ಟಿರಬೇಕು. ಹೊಸ ಫೋನಿನಲ್ಲಿ ನಡುವೆ ನಡೆದ ಮಾತುಕತೆ ಮಾತ್ರ ಹೋಗುತ್ತದೆ. ಅದರಲ್ಲಿ ಬೇಕಾದದ್ದಿದ್ದರೆ ಮೊದಲೇ ಬರೆದುಕೊಳ್ಳಬೇಕು. ಇಷ್ಟರಲ್ಲಿ ಕೋಡನ್ನು ಪದೇ ಪದೇ ತರಿಸಿಕೊಂಡರೆ ಆ್ಯಪ್ ಕೆಲವು ಗಂಟೆ ಕಾಯಿಸುತ್ತದೆ. ಅದು ಕೆಟ್ಟದ್ದರ ಸೂಚನೆಯಲ್ಲ, ಗಡುವು ಮುಗಿಯುವವರೆಗೆ ಸುಮ್ಮನಿರಬೇಕು ಅಷ್ಟೆ.

Skip ಒತ್ತಿದ್ದು ಹೊಸ ಜಿಮೇಲ್‌ನಲ್ಲಾದ್ದರಿಂದ ಆಕೆ ಪಾರಾದರು. ಹಳೆಯ ಖಾತೆಯಲ್ಲೇ Skip ಒತ್ತಿದ್ದರೆ, ಆ ರಾತ್ರಿಯೋ ಆ ವಾರವೋ ಆಗುವ ಬ್ಯಾಕಪ್ ಹಳೆಯದರ ಜಾಗದಲ್ಲಿ ಕೂರುತ್ತದೆ. ವರ್ಷಗಳ ಚಾಟ್ ಇದ್ದ ಕಡೆ ಎರಡು ದಿನದ ಚಾಟ್ ಉಳಿಯುತ್ತದೆ. ಹಾಗೆ ಒತ್ತಿಬಿಟ್ಟಿದ್ದರೆ ತಕ್ಷಣ ಇಂಟರ್ನೆಟ್ ಆಫ್ ಮಾಡಿ. ಆಮೇಲೆ Chat backup ಒಳಗಿನ ಸ್ವಯಂಚಾಲಿತ ಬ್ಯಾಕಪ್ ನಿಲ್ಲಿಸಿ, ಅಲ್ಲಿ ಒಂದು ಬಾರಿಯೂ Back up ಒತ್ತದೆ, ಆ್ಯಪ್ ತೆಗೆದು ಮತ್ತೆ ಹಾಕಿ Restore ಮಾಡಿ.

ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋದವರಿಗೆ ಗೂಗಲ್‌ನ ಬ್ಯಾಕಪ್ ಉಪಯೋಗಕ್ಕೆ ಬರುವುದಿಲ್ಲ, ಐಫೋನ್ ತನ್ನ ಐಕ್ಲೌಡ್ ಬ್ಯಾಕಪ್ಪನ್ನಷ್ಟೇ ಓದುತ್ತದೆ. ಅವರು ಐಫೋನನ್ನು ಮೊದಲ ಬಾರಿ ಸಿದ್ಧಪಡಿಸುವಾಗಲೇ Move to iOS ಎಂಬ ಆ್ಯಪ್ ಬಳಸಿ ಚಾಟ್ ದಾಟಿಸಬೇಕು.

ಹಳೆಯ ಫೋನನ್ನು ಮಾರಿಯಾಗಿದೆ, ಬ್ಯಾಕಪ್ಪೂ ಇಲ್ಲ ಎಂದರೆ ಕಂಪನಿಗೆ ಬರೆದು ಫಲವಿಲ್ಲ, ಕೊಡಲು ಅವರ ಬಳಿಯೂ ಏನಿಲ್ಲ. ಆದರೆ ಪ್ರತಿ ಮಾತುಕತೆಯ ಇನ್ನೊಂದು ಪ್ರತಿ ಎದುರಿನವರ ಫೋನಿನಲ್ಲಿದೆ. ಮಗಳೊಂದಿಗಿನ ಚಾಟ್ ಬೇಕಿದ್ದರೆ ಮಗಳು ತನ್ನ ಫೋನಿನಲ್ಲಿ ಅದನ್ನು ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, More ಒಳಗಿನ Export chat ಆರಿಸಿ ನಿಮಗೆ ಮೇಲ್ ಮಾಡಬಹುದು. ಅದು ವಾಟ್ಸ್‌ಆ್ಯಪ್ ಒಳಗೆ ಮರಳಿ ಕೂರುವುದಿಲ್ಲ, ದಿನಾಂಕ, ಸಮಯಗಳ ಸಮೇತ ಓದಬಹುದಾದ ಬರಹದ ಕಡತವಾಗಿ ಬರುತ್ತದೆ. Include media ಆರಿಸಿದರೆ ಇತ್ತೀಚಿನ ಫೋಟೋ, ಧ್ವನಿ ಸಂದೇಶಗಳೂ ಜೊತೆಗೆ ಬರುತ್ತವೆ.