ವ್ಯಾಕರಣದ ಬಹು ಆಯ್ಕೆಯ ಪ್ರಶ್ನೆಗಳು

ವ್ಯಾಕರಣದ ಬಹು ಆಯ್ಕೆಯ ಪ್ರಶ್ನೆ ಎಂದರೆ ಭಾಷೆಯ ಒಂದು ನಿಯಮವನ್ನು ಅಭ್ಯರ್ಥಿಯು ಬಲ್ಲನೇ ಎಂಬುದನ್ನು ಸಾಮಾನ್ಯವಾಗಿ ನಾಲ್ಕು ಆಯ್ಕೆಗಳ ಮೂಲಕ ಪರೀಕ್ಷಿಸುವ ಪ್ರಶ್ನೆ. ಇವುಗಳಲ್ಲಿ ಒಂದು ಸರಿಯುತ್ತರ. ಉಳಿದ ಮೂರು ದಾರಿ ತಪ್ಪಿಸುವ ಆಯ್ಕೆಗಳು. ಕರ್ನಾಟಕದ ಸ್ಪರ್ಧಾತ್ಮಕ ಪರೀಕ್ಷೆಗಳ ಕನ್ನಡ ಪತ್ರಿಕೆಗಳಲ್ಲಿ ಸಂಧಿ ಪ್ರಕರಣದಿಂದ ಇಂತಹ ಪ್ರಶ್ನೆಗಳು ಬರುವುದು ವಾಡಿಕೆ. ಈ ಲೇಖನವು ಸಂಧಿಯ ಪ್ರಶ್ನೆಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ.

## ತಪ್ಪು ಆಯ್ಕೆಗಳ ರಚನೆ

ಪ್ರಶ್ನೆ ರಚಿಸುವವರು ತಪ್ಪು ಆಯ್ಕೆಗಳನ್ನು ಮನಬಂದಂತೆ ಆರಿಸುವುದಿಲ್ಲ. ಕೇಳಿದ ಪದದಲ್ಲಿ ಕಾಣುವ ಬದಲಾವಣೆಯನ್ನೇ ಹೋಲುವ ಮತ್ತೊಂದು ಸಂಧಿಯನ್ನು ಪಕ್ಕದಲ್ಲಿಡುತ್ತಾರೆ. ಆದ್ದರಿಂದ ಒಂದನ್ನೊಂದು ಹೋಲುವ ಎರಡು ಆಯ್ಕೆಗಳಿದ್ದರೆ, ಅವೆರಡನ್ನು ಬೇರ್ಪಡಿಸುವ ನಿಯಮವೇ ಪರೀಕ್ಷೆಗೆ ಒಳಗಾಗಿರುವ ನಿಯಮವಾಗಿರುವ ಸಂಭವ ಹೆಚ್ಚು.

ಆದೇಶ ಸಂಧಿ ಮತ್ತು ಜಶ್ತ್ವ ಸಂಧಿಗಳು ಇಂತಹ ಒಂದು ಜೋಡಿ. 'ಮಳೆಗಾಲ' (ಮಳೆ + ಕಾಲ) ಮತ್ತು 'ದಿಗಂತ' (ದಿಕ್ + ಅಂತ) ಎಂಬ ಎರಡೂ ಪದಗಳಲ್ಲಿ ಕಕಾರವು ಗಕಾರವಾಗಿದೆ. ಬದಲಾವಣೆ ಒಂದೇ ಆದರೂ ಅದು ನಡೆದ ಸ್ಥಾನ ಬೇರೆ. ಮೊದಲನೆಯದರಲ್ಲಿ ಉತ್ತರಪದದ ಮೊದಲ ವ್ಯಂಜನ ಬದಲಾಗಿದೆ, ಅದು ಆದೇಶ. ಎರಡನೆಯದರಲ್ಲಿ ಪೂರ್ವಪದದ ಕೊನೆಯ ವ್ಯಂಜನ ಬದಲಾಗಿದೆ; ಅದು ಜಶ್ತ್ವ. 'ಆದೇಶ ಸಂಧಿಗೆ ಉದಾಹರಣೆಯಲ್ಲದ ಪದ ಯಾವುದು?' ಎಂದು ಕೇಳಿ ಮಳೆಗಾಲ, ಬೆಟ್ಟದಾವರೆ, ಕಂಬನಿ, ದಿಗಂತ ಎಂಬ ಆಯ್ಕೆಗಳನ್ನು ಕೊಟ್ಟರೆ, ಪ್ರತಿ ಪದವನ್ನೂ ಬಿಡಿಸಿ ಬದಲಾವಣೆಯ ಸ್ಥಾನವನ್ನು ಗುರುತಿಸಿದರೆ ಸಾಕು. 'ಬೆಟ್ಟ + ತಾವರೆ', 'ಕಣ್ + ಪನಿ' ಎಂಬಲ್ಲಿಯೂ ಬದಲಾದದ್ದು ಉತ್ತರಪದದ ಆರಂಭವೇ. ಆದ್ದರಿಂದ ಉತ್ತರ 'ದಿಗಂತ'. ಪ್ರಶ್ನೆಯಲ್ಲಿರುವ 'ಅಲ್ಲದ' ಎಂಬ ಮಾತನ್ನು ಗಮನಿಸದವರು ನಿಯಮ ತಿಳಿದಿದ್ದರೂ ಮೊದಲ ಆಯ್ಕೆಯನ್ನೇ ಗುರುತಿಸಿ ಅಂಕ ಕಳೆದುಕೊಳ್ಳುತ್ತಾರೆ.

## ಒಂದು ಪ್ರಶ್ನೆಯ ಬಿಡಿಸುವಿಕೆ

'ಅತ್ಯವಸರ' ಪದದಲ್ಲಿರುವ ಸಂಧಿ ಯಾವುದು?

(ಅ) ಲೋಪ (ಆ) ಆಗಮ (ಇ) ಯಣ್ (ಈ) ಗುಣ

ಮೊದಲು ಪದವನ್ನು ಬಿಡಿಸಬೇಕು: ಅತಿ + ಅವಸರ. ಇಲ್ಲಿ ಸೇರುವುದು ಇಕಾರ ಮತ್ತು ಅಕಾರ. ಗುಣಸಂಧಿಗೆ ಪೂರ್ವಪದದ ಕೊನೆಯಲ್ಲಿ ಅಕಾರ ಅಥವಾ ಆಕಾರ ಇರಬೇಕು. ಇಲ್ಲಿ ಅದು ಇಲ್ಲ. ಹೀಗಾಗಿ (ಈ) ಕೂಡಲೇ ಹೊರಗುಳಿಯುತ್ತದೆ.

ಇಕಾರವು ಮರೆಯಾಗಿರುವುದರಿಂದ ಲೋಪಸಂಧಿಯೆಂಬ ಭ್ರಮೆ ಹುಟ್ಟಬಹುದು. ಆದರೆ 'ಊರು + ಅಲ್ಲಿ = ಊರಲ್ಲಿ' ಎಂಬಂತಹ ಲೋಪದಲ್ಲಿ ಹೋದ ಸ್ವರದ ಜಾಗಕ್ಕೆ ಬೇರೆ ಅಕ್ಷರ ಬರುವುದಿಲ್ಲ. ಇಲ್ಲಿ ಯಕಾರ ಬಂದಿದೆ. ಆದ್ದರಿಂದ (ಅ) ಕೂಡ ಸಲ್ಲದು.

ಉಳಿದ ಎರಡೂ ಆಯ್ಕೆಗಳಲ್ಲಿ ಯಕಾರಕ್ಕೆ ಅವಕಾಶವಿದೆ. ಯಕಾರವನ್ನು ತೆಗೆದು ನೋಡುವುದೇ ಇವುಗಳ ವ್ಯತ್ಯಾಸ ತಿಳಿಯುವ ಉಪಾಯ. 'ಮನೆಯನ್ನು' ಎಂಬುದರಲ್ಲಿ ಯಕಾರವನ್ನು ತೆಗೆದರೆ 'ಮನೆ', 'ಅನ್ನು' ಎರಡೂ ಪೂರ್ಣವಾಗಿ ಉಳಿಯುತ್ತವೆ. ಯಕಾರವು ಹೊಸದಾಗಿ ಬಂದು ಸೇರಿದ್ದು, ಆದ್ದರಿಂದ ಅದು ಆಗಮ. 'ಅತ್ಯವಸರ'ದಲ್ಲಿ ತೆಗೆದರೆ 'ಅತ್', 'ಅವಸರ' ಎಂದಾಗಿ ಪೂರ್ವಪದ ಮುರಿಯುತ್ತದೆ. ಯಕಾರವು ಇಕಾರದ ಸ್ಥಾನದಲ್ಲಿ ನಿಂತಿದೆ ಎಂದಾಯಿತು. ಉತ್ತರ (ಇ) ಯಣ್ ಸಂಧಿ.

## ಅಡ್ಡದಾರಿಗಳ ಮಿತಿ

ಸಂಸ್ಕೃತ ಪದ ಕಂಡರೆ ಸಂಸ್ಕೃತ ಸಂಧಿಯನ್ನೇ ಆರಿಸಬೇಕೆಂಬ ಸೂತ್ರವನ್ನು ಹಲವರು ನೆಚ್ಚಿಕೊಳ್ಳುತ್ತಾರೆ. ಅದು ಎಲ್ಲೆಡೆ ನಡೆಯುವುದಿಲ್ಲ. 'ಗಿರಿಯನ್ನು' ಎಂಬಲ್ಲಿ 'ಗಿರಿ' ಸಂಸ್ಕೃತ ಪದ, ಅದರ ಮುಂದಿರುವ 'ಅನ್ನು' ಕನ್ನಡ ಪ್ರತ್ಯಯ. ಇಕಾರ ಮತ್ತು ಅಕಾರಗಳು ಸೇರಿದರೂ ಇಲ್ಲಿ ಯಣ್ ಸಂಧಿ ಆಗಿಲ್ಲ. 'ಗಿರಿ' ಹಾಗೆಯೇ ಉಳಿದು ಯಕಾರ ಆಗಮವಾಗಿದೆ. ಪದದ ಮೂಲವು ಸುಳಿವು ಮಾತ್ರ. ನಿರ್ಣಯ ಬಿಡಿಸಿ ನೋಡಿದ ಮೇಲೆ ಆಗಬೇಕು.

## ಊಹೆ ಮತ್ತು ಅಂಕ

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ, ಒಂದು ಅಂಕದ ಪ್ರಶ್ನೆಗೆ ನಾಲ್ಕು ಆಯ್ಕೆಗಳ ನಡುವೆ ಸುಮ್ಮನೆ ಊಹಿಸಿದರೆ ಸರಾಸರಿ ಲಾಭ ಅಂಕದ 1/16 ಭಾಗ ಮಾತ್ರ. ಎರಡು ಆಯ್ಕೆಗಳನ್ನು ಸರಿಯಾದ ಕಾರಣದಿಂದ ಹೊರಗಿಟ್ಟ ಬಳಿಕ ಊಹಿಸಿದರೆ ಅದು 3/8 ಆಗುತ್ತದೆ. ಆದರೆ ಸರಿಯುತ್ತರವನ್ನೇ ತಪ್ಪಾಗಿ ಹೊರಗಿಟ್ಟಿದ್ದರೆ ನಷ್ಟ ಖಚಿತ. ಆದ್ದರಿಂದ ಆಯ್ಕೆಯೊಂದನ್ನು ಕೈಬಿಡುವಾಗ ಅದನ್ನು ತಳ್ಳಿಹಾಕುವ ನಿಯಮವನ್ನು ಹೇಳಲು ಸಾಧ್ಯವಾಗಬೇಕು. ಕಿವಿಗೆ ಹಿತವಲ್ಲ ಎಂಬ ಕಾರಣ ಸಾಲದು.