ಬಣ್ಣ ಬಳಿದ ಮರುದಿನದ ಫೋಟೋ

ತಾರಸಿ ಸೋರಿಕೆ ರಿಪೇರಿ ಮಾಡುವ ಕಂಟ್ರಾಕ್ಟರುಗಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಜೋಡಿ ಚಿತ್ರಗಳನ್ನು ನೋಡಿರುತ್ತೀರಿ. ಎಡಗಡೆ ಬೂಷ್ಟು ಹಿಡಿದು ಬಣ್ಣ ಎದ್ದ ಸೀಲಿಂಗ್, ಬಲಗಡೆ ಅಚ್ಚ ಬಿಳಿಯ ಸೀಲಿಂಗ್. ಕೆಳಗೆ ‘ಸೋರಿಕೆಗೆ ಶಾಶ್ವತ ಪರಿಹಾರ, 100% ಗ್ಯಾರಂಟಿ’ ಎಂಬ ಸಾಲು. ಬಲಗಡೆಯ ಚಿತ್ರ ಸಾಮಾನ್ಯವಾಗಿ ಪುಟ್ಟಿ ಹಚ್ಚಿ ಬಣ್ಣ ಬಳಿದ ಮರುದಿನದ್ದು. ತಾರಸಿಯನ್ನು ಮುಟ್ಟದೆ ಬರೀ ಬಣ್ಣ ಬಳಿದಿದ್ದರೂ ಅವತ್ತು ಸೀಲಿಂಗ್ ಹಾಗೇ ಕಾಣುತ್ತಿತ್ತು. ಚಿತ್ರ ತೋರಿಸುವುದು ಬಣ್ಣವನ್ನು, ಸಾಲು ಹೇಳುವುದು ನೀರಿನ ಬಗ್ಗೆ. ಇವೆರಡರ ನಡುವೆ ಒಂದು ಮಳೆಗಾಲವಾದರೂ ಕಳೆಯಬೇಕು.

ಒಂದು ಕೆಲಸವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೈಸೂರಿನ ಹಳೆಯ ಮನೆ, ಸುಮಾರು 600 ಚದರಡಿ ತಾರಸಿ. ಅಕ್ಟೋಬರಿನಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಂಡಿತು. ತಾರಸಿ ಹತ್ತಿ ನೋಡಿದರೆ ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರುವಲ್ಲಿ ಬಿರುಕು, ಮಳೆನೀರಿನ ಪೈಪಿನ ಬಾಯಿಯ ಸುತ್ತ ಗಾರೆ ಸಡಿಲ, ನೀರು ಪೈಪಿನ ಕಡೆ ಹರಿಯುವಷ್ಟು ವಾಟವೂ ಇಲ್ಲ. ಬಿರುಕನ್ನು ಅಗಲ ಮಾಡಿ ಪಾಲಿಮರ್ ಬೆರೆಸಿದ ಗಾರೆ ತುಂಬಿದರು. ಮೂಲೆಯನ್ನು ದುಂಡಗೆ ಮೆತ್ತಿ, ವಾಟ ಸರಿಪಡಿಸಿ, ಎರಡು ಕೋಟ್ ವಾಟರ್‌ಪ್ರೂಫಿಂಗ್ ಹಚ್ಚಿದರು. ಅದು ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ತಾರಸಿಯ ಮೇಲೆ 2 ಅಂಗುಲ ನೀರು ನಿಲ್ಲಿಸಿ 48 ಗಂಟೆ ಬಿಟ್ಟರು. ಕೆಳಗೆ ತೇವ ಬರಲಿಲ್ಲ. ಒಳಗಿನ ಗಾರೆ ಒಣಗಲು ವಾರಗಟ್ಟಲೆ ಕಾದು, ಮಾರ್ಚಿನಲ್ಲಿ ಬಣ್ಣ ಬಳಿದರು.

ಇದಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: ‘ಮೊದಲು: ಅಕ್ಟೋಬರ್, ಮಲಗುವ ಕೋಣೆಯ ಮೂಲೆ. ಪ್ಯಾರಪೆಟ್ ಬುಡದ ಬಿರುಕಿನಿಂದ ನೀರು ಇಳಿಯುತ್ತಿತ್ತು. ನಂತರ: ಮಾರ್ಚ್, ಅದೇ ಮೂಲೆ. ಬಿರುಕು ತುಂಬಿ, ವಾಟ ಸರಿಪಡಿಸಿ, ಎರಡು ಕೋಟ್ ಹಚ್ಚಿದೆವು. 48 ಗಂಟೆ ನೀರು ನಿಲ್ಲಿಸಿ ನೋಡಿದೆವು, ಸೋರಲಿಲ್ಲ. ಮಳೆಗಾಲ ಇನ್ನೂ ಬಂದಿಲ್ಲ. ಪ್ಯಾರಪೆಟ್ಟಿನ ಹೊರಮೈ ಈ ಕೆಲಸದಲ್ಲಿ ಸೇರಿಲ್ಲ.’

‘ಮಳೆಗಾಲ ಇನ್ನೂ ಬಂದಿಲ್ಲ’ ಎಂದು ಬರೆಯಲು ಕಂಟ್ರಾಕ್ಟರುಗಳು ಹಿಂಜರಿಯುತ್ತಾರೆ. ಆದರೆ ಗಿರಾಕಿಯ ಕಣ್ಣು ನಿಲ್ಲುವುದು ಅಲ್ಲೇ. ಒಮ್ಮೆ ಸೋರಿಕೆಗೆ ದುಡ್ಡು ಕಳೆದುಕೊಂಡವರಿಗೆ ಶಾಶ್ವತ ಎಂಬ ಮಾತಿನಲ್ಲಿ ನಂಬಿಕೆ ಉಳಿದಿರುವುದಿಲ್ಲ. 48 ಗಂಟೆ ನೀರು ನಿಲ್ಲಿಸಿದ್ದು ಅರ್ಥವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಅದೇ ಮೂಲೆಯ ಮೂರನೇ ಫೋಟೋ ತೆಗೆದು ‘ಒಂದು ಮಳೆಗಾಲ ಕಳೆದ ಮೇಲೆ’ ಎಂದು ಸೇರಿಸಿದರೆ, ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ.

‘ಫಲಿತಾಂಶದಲ್ಲಿ ವ್ಯತ್ಯಾಸವಾಗಬಹುದು’ ಎಂದು ಕೊನೆಗೆ ಸಣ್ಣಕ್ಷರದಲ್ಲಿ ಸೇರಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಯಾವುದರಿಂದ ವ್ಯತ್ಯಾಸ? ಅದನ್ನೇ ಹೇಳಬಹುದಲ್ಲ: ‘ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೆ ಇಷ್ಟು ಕೆಲಸ ಸಾಲದು.’ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗಳ ಬಗೆಗಿನ ದಾರಿ ತಪ್ಪಿಸುವ ಜಾಹೀರಾತಿಗೂ ಅನ್ವಯಿಸುತ್ತದೆ. ಅದರಡಿ 2022ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ದೊಡ್ಡದಾಗಿ ಹೇಳಿದ ಮಾತನ್ನು ಕೆಳಗಿನ ಷರಾ ಸುಳ್ಳು ಮಾಡುವಂತಿರಬಾರದು, ಮತ್ತು ಷರಾ ಜಾಹೀರಾತಿನ ಭಾಷೆಯಲ್ಲೇ ಇರಬೇಕು. ಮೇಲೆ ಕನ್ನಡದಲ್ಲಿ ಗ್ಯಾರಂಟಿ ಕೊಟ್ಟು ಕೆಳಗೆ ಇಂಗ್ಲಿಷಿನಲ್ಲಿ ಜಾರಿಕೊಳ್ಳುವುದು ಸಲ್ಲದು.

ಗ್ಯಾರಂಟಿ ಎಂದ ಮೇಲೆ ಎಷ್ಟು ವರ್ಷ, ಯಾವ ಜಾಗಕ್ಕೆ, ಸೋರಿದರೆ ಏನು ಮಾಡಿಕೊಡುತ್ತೀರಿ ಎಂಬುದು ಬಿಲ್ಲಿನಲ್ಲೂ ಇರಬೇಕು. ಬಿಲ್ಲಿನಲ್ಲಿ ಇಲ್ಲದ ಮಾತು ಫೋಟೋದ ಕೆಳಗೂ ಬೇಡ.

ಫೋಟೋ ತೆಗೆಯುವುದರಲ್ಲೂ ಸುಳ್ಳು ನುಸುಳುತ್ತದೆ. ಮೊದಲನೆಯದನ್ನು ಮಬ್ಬು ಬೆಳಕಿನಲ್ಲಿ ಹತ್ತಿರದಿಂದ, ಎರಡನೆಯದನ್ನು ಲೈಟು ಹಾಕಿ ದೂರದಿಂದ ತೆಗೆದರೆ ಅರ್ಧ ಕೆಲಸ ಕ್ಯಾಮೆರಾದ್ದೇ. ಫ್ಯಾನಿನ ಕೊಕ್ಕೆಯೋ ಕಿಟಕಿಯ ಅಂಚೋ ಎರಡರಲ್ಲೂ ಒಂದೇ ಜಾಗದಲ್ಲಿ ಬರುವಂತೆ, ಒಂದೇ ಹೊತ್ತಿನ ಬೆಳಕಿನಲ್ಲಿ ತೆಗೆಯಿರಿ. ನೋಡುವವರಿಗೂ ಇದೇ ಗುರುತು: ಎರಡು ಚಿತ್ರಗಳಲ್ಲಿ ಸಮಾನವಾದ ಒಂದು ವಸ್ತುವೂ ಸಿಗದಿದ್ದರೆ ಅದು ಒಂದೇ ಕೋಣೆ ಎಂದು ನಂಬಲು ಆಧಾರವಿಲ್ಲ. ಫೋಟೋ ಹಾಕುವ ಮುಂಚೆ ಮನೆಯವರ ಒಪ್ಪಿಗೆ ಪಡೆಯುವುದನ್ನಂತೂ ಮರೆಯಬಾರದು.

ಎರಡನೇ ಮಳೆಗಾಲದಲ್ಲಿ ಅದೇ ಮೂಲೆಯಲ್ಲಿ ತೇವ ಮತ್ತೆ ಕಂಡರೆ? ಹೆಚ್ಚಿನವರು ಆ ಪೋಸ್ಟನ್ನು ಸದ್ದಿಲ್ಲದೆ ಅಳಿಸುತ್ತಾರೆ. ಅಳಿಸುವ ಬದಲು ಅದರ ಕೆಳಗೇ ಬರೆಯಬಹುದು: ‘ಜುಲೈನಲ್ಲಿ ಮತ್ತೆ ತೇವ ಕಂಡಿತು. ಈ ಬಾರಿ ನೀರು ಪ್ಯಾರಪೆಟ್ಟಿನ ಹೊರಮೈಯ ಬಿರುಕಿನಿಂದ ಬಂದಿದೆ. ಮಳೆ ಬಿಟ್ಟ ಮೇಲೆ ಅದನ್ನು ತುಂಬುತ್ತೇವೆ.’